ಐದು ಮಂದಿ ತಿದ್ದಿದ ಕರಡು ಒಂದೇ ಪಿಡಿಎಫ್‌ಗೆ ಬಂದ ಬಗೆ

ಪುಸ್ತಕ ದೊಡ್ಡದೇನಲ್ಲ. ವಿಜಯಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡಲು ಬರುವವರಿಗಾಗಿ ಬರೆದ 112 ಪುಟಗಳ ಕೈಪಿಡಿ. ಪುಟದ ಅಳತೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಸಂಪಾದನೆ ನನ್ನದು, ವಿಜಯಪುರದಲ್ಲಿ ಕುಳಿತು. ಪುಟವಿನ್ಯಾಸ ಬಾಗಲಕೋಟೆಯ ಒಂದು ಡಿಟಿಪಿ ಅಂಗಡಿಯಲ್ಲಿ. ಅಲ್ಲಿ ಕೆಲಸ ಮಾಡುವ ಹುಡುಗಿಯನ್ನು ನಾನು ತಂಗಿ ಎಂದೇ ಕರೆಯುತ್ತೇನೆ, ಇಲ್ಲೂ ಹಾಗೇ ಕರೆಯುವೆ. ಕರಡು ನೋಡಲು ಐದು ಜನ ಒಪ್ಪಿದ್ದರು: ಭಾಷೆಗೆ ವಿಜಯಪುರದ ನಿವೃತ್ತ ಕನ್ನಡ ಪ್ರಾಧ್ಯಾಪಕರು, ಇತಿಹಾಸಕ್ಕೆ ಬಾಗಲಕೋಟೆಯ ಒಬ್ಬ ಉಪನ್ಯಾಸಕಿ, ಸ್ಥಳದ ವಿವರಕ್ಕೆ ಬಾದಾಮಿಯ ಮಾಸ್ತರು, ಚಿತ್ರಗಳಿಗೆ ಫೋಟೋ ತೆಗೆದವರು, ಕೊನೆಗೆ ದುಡ್ಡು ಹಾಕುವ ಪ್ರಕಾಶಕರು.

ಹದಿನೈದು ದಿನದ ಗಡುವು ಮುಗಿದಾಗ ನನ್ನ ಮುಂದೆ ನಾಲ್ಕು ಪಿಡಿಎಫ್ ಮತ್ತು ದಾರ ಕಟ್ಟಿದ ಒಂದು ಕಾಗದದ ಕಟ್ಟು ಇದ್ದವು. ಮಾಸ್ತರು ಪ್ರಿಂಟ್ ತೆಗೆಸಿ ಕೆಂಪು ಪೆನ್ನಿನಲ್ಲಿ ತಿದ್ದಿ, ಬಾದಾಮಿಯಿಂದ ಬರುವ ಬಸ್ಸಿನಲ್ಲಿ ಯಾರ ಕೈಯಲ್ಲೋ ಕಳಿಸಿದ್ದರು. ಐದನ್ನೂ ಸೇರಿಸಿ ತಂಗಿಗೆ ಒಂದೇ ಕಡತ ಕೊಡಬೇಕು. ಒಂದು ಸಂಜೆಯ ಕೆಲಸ ಅಂದುಕೊಂಡೆ. ಒಂಬತ್ತು ದಿನ ಹಿಡಿಯಿತು.

ಮೊದಲ ದಿನವೇ ಅಂಗಡಿಯ ಇನ್ನೊಬ್ಬ ಹುಡುಗ ನನಗೆ ಸಹಾಯ ಮಾಡಲು ಹೋಗಿ, ಇಂಟರ್‌ನೆಟ್ಟಿನಲ್ಲಿ ಸಿಗುವ ಪಿಡಿಎಫ್ ಜೋಡಿಸುವ ಪುಟವೊಂದಕ್ಕೆ ನಾಲ್ಕೂ ಕಡತ ಹಾಕಿ, 448 ಪುಟದ ಒಂದು ಗುಡ್ಡ ಕಳಿಸಿಕೊಟ್ಟ. ಜೋಡಿಸುವುದೆಂದರೆ ಅವನಿಗೆ ಪುಟದ ಹಿಂದೆ ಪುಟ ಪೋಣಿಸುವುದು. ನಮಗೆ ಬೇಕಾದದ್ದು ಪುಟಗಳು 112 ಉಳಿದು, ಅವುಗಳ ಮೇಲಿನ ಗುರುತುಗಳಷ್ಟೇ ಒಂದೆಡೆ ಸೇರುವುದು. ಪಿಡಿಎಫ್‌ನಲ್ಲಿ ಹೈಲೈಟು, ಅಡ್ಡಗೀಟು, ಟಿಪ್ಪಣಿ ಇವೆಲ್ಲ ಪುಟದ ಅಕ್ಷರಗಳ ಜೊತೆ ಬೆರೆತಿರುವುದಿಲ್ಲ. ಪುಟದ ಮೇಲೆ ಹಾಸಿದ ಗಾಜಿನ ಹಾಳೆಯ ಮೇಲೆ ಬರೆದಂತೆ ಬೇರೆಯಾಗಿ ಇರುತ್ತವೆ. ಆದ್ದರಿಂದಲೇ ಅವನ್ನು ಕಿತ್ತು ಇನ್ನೊಂದು ಪ್ರತಿಯ ಮೇಲೆ ಇಡಲು ಬರುತ್ತದೆ. ಅಕ್ರೋಬ್ಯಾಟ್ ಪ್ರೋದಲ್ಲಿ ಟಿಪ್ಪಣಿಗಳ ಪಟ್ಟಿಯ ಮೇಲಿರುವ ಮೂರು ಚುಕ್ಕೆ ಒತ್ತಿದರೆ `Export All To Data File` ಮತ್ತು `Import Data File` ಎರಡೂ ಸಿಗುತ್ತವೆ. ಹೊರತೆಗೆದದ್ದು `.xfdf` ಎಂಬ ಸಣ್ಣ ಕಡತವಾಗುತ್ತದೆ, ಪಠ್ಯ ಸಂಪಾದಕದಲ್ಲಿ ತೆರೆದು ಓದಬಹುದು. ನಮ್ಮ ಪಿಡಿಎಫ್ ಚಿತ್ರಗಳಿಂದಾಗಿ 38 ಎಂಬಿ ಇತ್ತು, ಈ ಕಡತಗಳು ಕೆಲವು ಕೆಬಿ ಮಾತ್ರ.

ಸೇರಿಸುವ ಮೊದಲು ಪ್ರತಿಯೊಬ್ಬರ ಕಡತದಲ್ಲಿ ಎಷ್ಟು ಗುರುತು ಇವೆ ಎಂದು ಎಣಿಸಿ ಬರೆದುಕೊಂಡೆ. ಸೇರಿಸಿದ ಮೇಲೆ ಒಟ್ಟು ತಾಳೆಯಾಗಬೇಕಲ್ಲ. ಆ ಎಣಿಕೆಯೇ ತೊಂದರೆಗಳನ್ನು ಒಂದೊಂದಾಗಿ ಹೊರಗೆ ಹಾಕಿತು.

ಪ್ರಾಧ್ಯಾಪಕರ ಪ್ರತಿಯಲ್ಲಿ ಪುಟ ಪುಟವೂ ಕೆಂಪಾಗಿ ಕಾಣುತ್ತಿತ್ತು, ಟಿಪ್ಪಣಿ ಪಟ್ಟಿಯಲ್ಲಿ ಮಾತ್ರ ಸೊನ್ನೆ. ಗೀಟಿನ ಮೇಲೆ ಮೌಸ್ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಗುರುತು ಪುಟದೊಳಗೇ ಇಳಿದು ಚಿತ್ರದಂತೆ ಅಂಟಿಕೊಂಡಿದೆ ಎಂಬುದಕ್ಕೆ ಇದೇ ಲಕ್ಷಣ, ಇದಕ್ಕೆ ಫ್ಲ್ಯಾಟನ್ ಆಗಿದೆ ಅನ್ನುತ್ತಾರೆ. ಅವರು ಟ್ಯಾಬ್ಲೆಟ್ಟಿನಲ್ಲಿ ಪೆನ್ನಿನಿಂದ ಬರೆದು, ಕಳಿಸುವಾಗ ಆ ಆಪ್ ಕೇಳಿದ ಪ್ರಶ್ನೆಗೆ ಸರಿ ಎಂದು ಒತ್ತಿಬಿಟ್ಟಿದ್ದರು. ಪ್ರಿಂಟ್ ಆಜ್ಞೆ ಕೊಟ್ಟು ಪಿಡಿಎಫ್ ಆಗಿ ಉಳಿಸಿಕೊಂಡರೂ ಇದೇ ಗತಿ. ಹೀಗೆ ಅಂಟಿದ್ದನ್ನು ಮತ್ತೆ ಬಿಡಿಸಲು ಬರುವುದಿಲ್ಲ. ಪುಣ್ಯಕ್ಕೆ ಮೂಲ ಅವರ ಟ್ಯಾಬ್ಲೆಟ್ಟಿನಲ್ಲೇ ಇತ್ತು, ಮನೆಗೆ ಹೋಗಿ ನಾನೇ ಮತ್ತೆ ಕಳಿಸಿಕೊಂಡೆ.

ಈ ಸಲ ಪಟ್ಟಿ 431 ತೋರಿಸಿತು. "ಅಷ್ಟೆಲ್ಲಿ ಬರದೀನ್ರೀ ನಾನು?" ಅಂದರು ಸರ್. ನಿಜ, ಬರೆದಿರಲಿಲ್ಲ. ಆ ಆಪು ಪೆನ್ನು ಎತ್ತಿದಾಗಲೆಲ್ಲ ಒಂದು ಗುರುತು ಎಂದು ಲೆಕ್ಕ ಹಾಕುತ್ತದೆ. ಅಂಚಿನಲ್ಲಿ ಒಂದು ಕ್ಷಕಾರ ಬರೆಯಲು ಮೂರು ಸಲ ಪೆನ್ನು ಎತ್ತಿದರೆ ಮೂರು ಗುರುತು. ಅದಕ್ಕಿಂತ ದೊಡ್ಡ ಕಷ್ಟವೆಂದರೆ ಕೈಬರಹದ ಟಿಪ್ಪಣಿಯೊಳಗೆ ಪಠ್ಯವೇ ಇಲ್ಲ. ಹುಡುಕಲಾಗದು, ವಿಂಗಡಿಸಲಾಗದು, ಪಟ್ಟಿಯಲ್ಲಿ ಬರೀ ಖಾಲಿ ಸಾಲು. ಅವರ ಪಡಸಾಲೆಯಲ್ಲಿ ಒಂದು ದಿನ ಕುಳಿತು, ಅವರು ಓದುತ್ತ ಹೋದಂತೆ ನಾನು ಟೈಪ್ ಮಾಡುತ್ತ ಹೋದೆ. 431 ಗೀಟುಗಳು 118 ಟಿಪ್ಪಣಿಗಳಾದವು. ಎರಡು ಕಡೆ ತಮ್ಮ ಅಕ್ಷರ ತಮಗೇ ತಿಳಿಯದೆ ನಕ್ಕು ಬಿಟ್ಟುಬಿಟ್ಟರು.

ಉಪನ್ಯಾಸಕಿಯವರ ಕಡತದಲ್ಲಿ 64, ಫೋಟೋದವರದರಲ್ಲಿ 12. ಆದರೆ ಇಬ್ಬರ ಹೆಸರೂ `admin`. ಇಬ್ಬರೂ ಒಂದೇ ಕಾಲೇಜಿನ ಕಂಪ್ಯೂಟರ್‌ಗಳಲ್ಲಿ ಕುಳಿತು ತಿದ್ದಿದ್ದರು, ಅಕ್ರೋಬ್ಯಾಟ್ ಅಲ್ಲಿನ ಲಾಗಿನ್ ಹೆಸರನ್ನೇ ಎತ್ತಿ ಹಾಕಿತ್ತು. ಹಾಗೆಯೇ ಸೇರಿಸಿದ್ದರೆ ಯಾರ ಮಾತು ಯಾರದೆಂದು ಆಮೇಲೆ ದೇವರೇ ಹೇಳಬೇಕಿತ್ತು. ಟಿಪ್ಪಣಿಯ ಆದ್ಯತೆಗಳಲ್ಲಿ `Always use Log-in Name for Author name` ಎಂಬುದರ ಮುಂದಿನ ಸರಿಗುರುತು ತೆಗೆದು, ತಮ್ಮ ಹೆಸರು ಹಾಕಿಕೊಂಡು ಕುಳಿತಿದ್ದರೆ ಇದು ಆಗುತ್ತಿರಲಿಲ್ಲ. ಆದದ್ದಾಯಿತು. ಹೊರತೆಗೆದ ಕಡತದಲ್ಲಿ ಒಂದು ಹೈಲೈಟು ಹೀಗೆ ಕಾಣುತ್ತದೆ:

```xml
<highlight page="37" color="#FFD100" title="admin"
  rect="72,401,214,417"
  coords="72,417,214,417,72,401,214,401">
  <contents>ಶಾಸನದ ಶಕವರ್ಷ ನೋಡಿ</contents>
</highlight>
```

ಉಪನ್ಯಾಸಕಿಯವರ ಕಡತದಲ್ಲಿ `title="admin"` ಇದ್ದಲ್ಲೆಲ್ಲ ಅವರ ಹೆಸರು, ಇನ್ನೊಂದರಲ್ಲಿ ಫೋಟೋದವರ ಹೆಸರು ಬದಲಿಸಿ ಯುಟಿಎಫ್-8ರಲ್ಲಿ ಉಳಿಸಿದೆ. ಎರಡು ನಿಮಿಷದ ಕೆಲಸ, ಆದರೆ ಸೇರಿಸುವ ಮೊದಲೇ ಆಗಬೇಕು. ಇಲ್ಲಿ ಪುಟದ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ ಎಂಬುದನ್ನೂ ನೆನಪಿಡಬೇಕು. `37` ಎಂದರೆ 38ನೆಯ ಪುಟ. ನಾನು ಮರೆತು ಒಂದು ತಾಸು ಹಾಳು ಮಾಡಿಕೊಂಡೆ.

ಅವರ 64ರಲ್ಲಿ 40 ಟಿಪ್ಪಣಿಗಳ ಒಳಗೆ `PÀ£ÀßqÀ` ಎಂಬಂಥ ಅಕ್ಷರಗಳಿದ್ದವು. ನೋಡಿದ ಕೂಡಲೇ ನಮ್ಮವರಿಗೆ ಗೊತ್ತಾಗುತ್ತದೆ, ಇದು ನುಡಿ ಫಾಂಟಿನ ಹಳೆಯ ಬಗೆ, ಯೂನಿಕೋಡ್ ಅಲ್ಲ. ಮೇಲಿನದು ಫಾಂಟ್ ಇದ್ದಲ್ಲಿ "ಕನ್ನಡ" ಎಂದು ಕಾಣುತ್ತದೆ. ತಂಗಿಯ ಅಂಗಡಿಯಲ್ಲಿ ಪುಸ್ತಕಗಳು ಇನ್ನೂ ಇದರಲ್ಲೇ. ಆದರೆ ಉಪನ್ಯಾಸಕಿಯವರು ಅದನ್ನು ಬರೆದವರೇ ಅಲ್ಲ. ಹೈಲೈಟ್ ಮಾಡಿದ ಪದಗಳನ್ನು ತಾನೇ ಟಿಪ್ಪಣಿಗೆ ನಕಲು ಮಾಡುವ ಒಂದು ಸೌಲಭ್ಯ ಅಕ್ರೋಬ್ಯಾಟಿನಲ್ಲಿದೆ, ಅದು ಚಾಲೂ ಇತ್ತು. ಪುಟದಡಿಯ ಅಕ್ಷರ ನುಡಿಯದ್ದಾದ್ದರಿಂದ ನಕಲಾದದ್ದು ಈ ಗೊಂದಲ. ಅಂದರೆ 40 ಟಿಪ್ಪಣಿ ಇವೆ ಎಂದು ಕಂಡರೂ ಅವು ಟಿಪ್ಪಣಿಯೇ ಅಲ್ಲ, ಬರೀ ಹಳದಿ ಬಣ್ಣ. ಏನು ಮಾಡಬೇಕೆಂದು ಅವುಗಳಲ್ಲಿ ಹೇಳಿಯೇ ಇಲ್ಲ.

ಫೋನ್ ಮಾಡಿದೆ. "ಅಯ್ಯ ಸರ್, ಹಳದಿ ಹಚ್ಚಿದ್ದೆಲ್ಲ ಅನುಮಾನ ಇದ್ದದ್ದು. ಆಧಾರ ತೋರಸ್ರಿ ಅಂತ" ಅಂದರು. ಫೋಟೋದವರಿಗೆ ಅದೇ ಹಳದಿ ಎಂದರೆ "ಚೆನ್ನಾಗಿದೆ, ಮುಟ್ಟಬೇಡಿ". ಬಣ್ಣಕ್ಕೆ ಇಂಥದೇ ಅರ್ಥ ಎಂದು ಪಿಡಿಎಫ್ ಎಲ್ಲೂ ಬರೆದಿಟ್ಟಿರುವುದಿಲ್ಲ, ಅದು ಹಚ್ಚಿದವರ ತಲೆಯಲ್ಲಿ ಮಾತ್ರ ಇರುತ್ತದೆ. ಇಬ್ಬರನ್ನೂ ಕೇಳಿ, ಖಾಲಿ ಹಳದಿ ಪ್ರತಿಯೊಂದರೊಳಗೂ ಅವರು ಹೇಳಿದ್ದನ್ನು ಟೈಪ್ ಮಾಡಿದೆ.

ಪ್ರಕಾಶಕರದು ಇವೆಲ್ಲಕ್ಕಿಂತ ಸರಳ ಎಂದುಕೊಂಡಿದ್ದೆ. ಮೊಬೈಲಿನಲ್ಲಿ 23 ಗುರುತು, ಹೆಸರು ಸರಿ, ಟಿಪ್ಪಣಿ ಸ್ಪಷ್ಟ. ಸೇರಿಸಿದೆ, 23ಕ್ಕೆ 23 ಬಂದವು. ಎಣಿಕೆ ತಾಳೆಯಾಗಿದ್ದರಿಂದ ಮುಂದೆ ಹೋದೆ. ಮಾಸ್ತರ ಕಾಗದದ 71 ತಿದ್ದುಪಡಿಗಳನ್ನೂ ಅವರ ಹೆಸರಿನಲ್ಲಿ ಟೈಪ್ ಮಾಡಿ ಸೇರಿಸಿ, ಒಟ್ಟು 288 ಎಂದು ಬರೆದುಕೊಂಡು ಆ ರಾತ್ರಿ ನೆಮ್ಮದಿಯಿಂದ ಮಲಗಿದೆ.

ಮರುದಿನ 42ನೆಯ ಪುಟ ನೋಡುವಾಗ ಪ್ರಕಾಶಕರ ಒಂದು ಅಡ್ಡಗೀಟು "ಮೇಣಬಸದಿ" ಎಂಬಲ್ಲಿ ಅರ್ಧ ಪದದ ಮೇಲೆ ನಿಂತಿತ್ತು. ಟಿಪ್ಪಣಿಯಲ್ಲಿ ಬರೆದದ್ದು "ಬಸ್ ವೇಳೆ ಬದಲಾಗುತ್ತೆ, ತೆಗೀರಿ". ಬಸ್ಸಿನ ಮಾತು ಇದ್ದದ್ದು ಮೂರು ಸಾಲು ಕೆಳಗೆ. 43ರಲ್ಲಿ ಒಂದು ಹೈಲೈಟು ಅರ್ಧ ಚಿತ್ರದ ಮೇಲೆ, ಅರ್ಧ ಖಾಲಿ ಜಾಗದಲ್ಲಿ. ಗುರುತು ಜಾರಿದೆ ಎಂದು ತಿಳಿಯುವುದು ಹೀಗೆಯೇ. ಮನುಷ್ಯರು ಪದದ ನಡುವೆ ಶುರುಮಾಡಿ ಪದದ ನಡುವೆ ನಿಲ್ಲಿಸುವುದು ಅಪರೂಪ, ಖಾಲಿ ಅಂಚಿಗೆ ಹಳದಿ ಹಚ್ಚುವುದು ಇನ್ನೂ ಅಪರೂಪ.

ಕಾರಣ ಮೇಲಿನ ತುಣುಕಿನಲ್ಲೇ ಇದೆ. ಹೈಲೈಟಿಗೆ ತಾನು ಯಾವ ಪದದ ಮೇಲಿದ್ದೇನೆ ಎಂಬುದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಪುಟದ ಸಂಖ್ಯೆ ಮತ್ತು ಪುಟದ ಮೂಲೆಯಿಂದ ಎಷ್ಟು ದೂರ ಎಂಬುದು ಮಾತ್ರ, ಇಂಚಿಗೆ 72ರಂತೆ ಪಾಯಿಂಟುಗಳಲ್ಲಿ. ನಾನು ಎಲ್ಲರಿಗೂ ನೋಡಲು ಕೊಟ್ಟದ್ದು ಎರಡನೆಯ ಪ್ರತಿ. ಪ್ರಕಾಶಕರ ಫೋನಿನಲ್ಲಿ ಒಂದು ತಿಂಗಳ ಹಿಂದೆ ಸುಮ್ಮನೆ ನೋಡಲೆಂದು ಕಳಿಸಿದ್ದ ಮೊದಲ ಪ್ರತಿಯೂ ಇತ್ತು, ಅವರು ತೆರೆದು ತಿದ್ದಿದ್ದು ಅದನ್ನು. ಎರಡೂ 112 ಪುಟ, ಮುಖಪುಟ ಒಂದೇ. ಆದರೆ ಎರಡನೆಯದರಲ್ಲಿ ತಂಗಿ 41ನೆಯ ಪುಟದ ಬಾದಾಮಿ ಗುಹೆಯ ಚಿತ್ರವನ್ನು ಹಿಗ್ಗಿಸಿದ್ದಳು. ಅದರ ಕೆಳಗಿನ ಪಠ್ಯ ಮೂರು ಸಾಲು ಇಳಿದಿತ್ತು, ಅಂದರೆ 48 ಪಾಯಿಂಟ್. ಗುರುತುಗಳು ಹಳೆಯ ಜಾಗದಲ್ಲೇ ನಿಂತವು. ಪುಟದ ತಳದಲ್ಲಿದ್ದ ಮೂರು ಸಾಲು ಮುಂದಿನ ಪುಟದ ತಲೆಗೆ ಹೋಗಿದ್ದರಿಂದ ಅಲ್ಲಿನ ಗುರುತುಗಳದ್ದು ಇನ್ನೂ ಕೆಟ್ಟ ಅವಸ್ಥೆ. ಅಧ್ಯಾಯಗಳು ಹೊಸ ಪುಟದಿಂದ ಶುರುವಾಗುವ ಕಾರಣ ಜಾರಿಕೆ 48ನೆಯ ಪುಟಕ್ಕೆ ನಿಂತಿತ್ತು. 23ರಲ್ಲಿ ಕೆಟ್ಟದ್ದು 11.

ಇದನ್ನು ಕಣ್ಣಿಗಿಂತ ಮೊದಲೇ ಹಿಡಿಯಲು ದಾರಿ ಇತ್ತು. ಅಕ್ರೋಬ್ಯಾಟಿನಿಂದ ಹೊರತೆಗೆದ ಕಡತದಲ್ಲಿ `ids original=` ಎಂಬ ಒಂದು ಉದ್ದ ಸಂಖ್ಯೆ ಇರುತ್ತದೆ. ಪಿಡಿಎಫ್ ಮೊದಲು ಹುಟ್ಟಿದಾಗ ಅದಕ್ಕೆ ಬಿದ್ದ ಗುರುತಿನ ಸಂಖ್ಯೆ ಅದು. ಟಿಪ್ಪಣಿ ಹಾಕಿ ಉಳಿಸಿದರೂ ಅದು ಬದಲಾಗಬಾರದು, ಹೊಸದಾಗಿ ಪಿಡಿಎಫ್ ಮಾಡಿದರೆ ಬೇರೆ ಬರುತ್ತದೆ. ಉಪನ್ಯಾಸಕಿ, ಫೋಟೋದವರು ಇಬ್ಬರದೂ ನನ್ನ ಎರಡನೆಯ ಪ್ರತಿಯ ಸಂಖ್ಯೆಯೇ, ಪ್ರಕಾಶಕರದು ಬೇರೆ. ಕೆಲವು ಮೊಬೈಲ್ ಆಪುಗಳು ಕಡತವನ್ನು ಪೂರ್ತಿ ಹೊಸದಾಗಿ ಬರೆದು ಸಂಖ್ಯೆಯನ್ನೂ ಬದಲಿಸುತ್ತವೆ, ಹಾಗಾಗಿ ಸಂಖ್ಯೆ ಬೇರೆ ಇದ್ದರೆ ಪ್ರತಿ ಖಂಡಿತ ಬೇರೆ ಎನ್ನಲಾಗದು. ಆದರೆ ತೆರೆದು ನೋಡಲೇಬೇಕು ಎಂಬುದಕ್ಕೆ ಅಷ್ಟು ಸೂಚನೆ ಸಾಕು.

ಸರಿಮಾಡುವಾಗ ಇನ್ನೊಂದು ತಿಳಿಯಿತು. ಅಂಟುಚೀಟಿಯಂಥ ಟಿಪ್ಪಣಿಯನ್ನು ಎಳೆದು ಬೇರೆ ಕಡೆ ಇಡಬಹುದು, ಹೈಲೈಟು ಮತ್ತು ಅಡ್ಡಗೀಟನ್ನು ಅಕ್ರೋಬ್ಯಾಟಿನಲ್ಲಿ ಎಳೆಯಲು ಬರುವುದಿಲ್ಲ. ನೂರಾರು ಇದ್ದಿದ್ದರೆ ಕಡತದೊಳಗಿನ ಅಂಕಿಗಳಿಂದಲೇ 48 ಕಳೆಯುತ್ತಿದ್ದೆ. ಎತ್ತರವನ್ನು ಪುಟದ ತಳದಿಂದ ಅಳೆಯುವುದರಿಂದ ಕೆಳಗಿಳಿಸಲು ಕಳೆಯಬೇಕು, `rect` ಮತ್ತು `coords` ಎರಡರಲ್ಲೂ. ಹನ್ನೊಂದಕ್ಕೆ ಅಷ್ಟು ಸಾಹಸ ಬೇಡವೆನಿಸಿ, ಎರಡೂ ಪ್ರತಿ ಅಕ್ಕಪಕ್ಕ ತೆರೆದು, ಹಳೆಯವನ್ನು ಅಳಿಸಿ, ಅವರ ಹೆಸರಿನಲ್ಲೇ ಹೊಸದಾಗಿ ಹಾಕಿದೆ.

ಇಲ್ಲಿಗೆ ಒಂದುಗೂಡಿಸುವ ಕೆಲಸ ಮುಗಿಯಿತು. ನಿಜವಾದ ಜಗಳ ಇನ್ನು ಶುರು.

288 ಗುರುತುಗಳಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರದು ತಾಗುವುದು ಎಲ್ಲೆಲ್ಲಿ? ಪುಟ ತಿರುವುತ್ತ ನೋಡಿದರೆ ಕಣ್ಣು ಸೋಲುತ್ತದೆ, ಒಂದರ ಮೇಲೊಂದು ಬಿದ್ದ ಎರಡು ಹೈಲೈಟುಗಳಲ್ಲಿ ಅಡಿಯದು ಕಾಣುವುದೇ ಇಲ್ಲ. ಪೈಥಾನ್ ಬಲ್ಲ ಗೆಳೆಯರೊಬ್ಬರು ಆರು ಸಾಲು ಬರೆದುಕೊಟ್ಟರು:

```python
import csv, pymupdf
w = csv.writer(open("list.csv", "w", newline="", encoding="utf-8-sig"))
d = pymupdf.open("guide_v2_all.pdf")
for p in d:
    for a in p.annots():
        w.writerow([p.number + 1, round(a.rect.y0), a.type[1], a.info["title"], a.info["content"]])
```

ಪುಟ, ಪುಟದ ಮೇಲಂಚಿನಿಂದ ದೂರ, ಗುರುತಿನ ಬಗೆ, ಹೆಸರು, ಮಾತು ಎಂದು ಐದು ಕಾಲಂಗಳು ಬರುತ್ತವೆ. `utf-8-sig` ಎಂಬುದನ್ನು ಬಿಟ್ಟರೆ ಎಕ್ಸೆಲ್‌ನಲ್ಲಿ ಟಿಪ್ಪಣಿಯ ಕನ್ನಡ ಒಡೆದುಹೋಗುತ್ತದೆ. ಪಟ್ಟಿಯನ್ನು ಪುಟ ಮತ್ತು ದೂರದ ಪ್ರಕಾರ ವಿಂಗಡಿಸಿ, ಪಕ್ಕದ ಕಾಲಂನಲ್ಲಿ ಈ ಸೂತ್ರ ಹಾಕಿದೆ:

```
=AND(A2=A1, ABS(B2-B1)<16, D2<>D1)
```

ನಮ್ಮ ಪುಸ್ತಕದಲ್ಲಿ ಸಾಲಿನಿಂದ ಸಾಲಿಗೆ 16 ಪಾಯಿಂಟ್. ಒಂದೇ ಪುಟ, ಒಂದೇ ಸಾಲಿನ ಆಸುಪಾಸು, ಬೇರೆ ಬೇರೆ ಜನ ಎಂದರೆ ಸೂತ್ರ ನಿಜ ಎನ್ನುತ್ತದೆ. ಪದಗಳನ್ನು ಹೋಲಿಸುವುದು ಇನ್ನೂ ಚೆಂದವಿತ್ತು, ಆದರೆ ನುಡಿ ಫಾಂಟಿನ ಪುಟದಿಂದ ಪದ ತೆಗೆದರೆ ಏನು ಬರುತ್ತದೆಂದು ಆಗಲೇ ನೋಡಿದ್ದೆವು. ಜಾಗವನ್ನೇ ನೆಚ್ಚಬೇಕಾಯಿತು.

58 ಕಡೆ ನಿಜ ಎಂದು ಬಂತು. ತೆರೆದು ನೋಡಿದರೆ 31 ಕಡೆ ಒಂದೇ ಸಾಲಿನ ಬೇರೆ ಬೇರೆ ಪದಗಳು, ಇಲ್ಲವೇ ಇಬ್ಬರದೂ ಒಂದೇ ತಿದ್ದುಪಡಿ, ತಂಟೆ ಇಲ್ಲ. ಉಳಿದ 27 ನಿಜವಾದ ತಾಗಾಟ.

ಅವುಗಳಲ್ಲಿ ಹೆಚ್ಚಿನವು ಕಾಗುಣಿತ, ಪದದ ಆಯ್ಕೆ. ಒಂದನ್ನು ಮಾತ್ರ ವಿವರವಾಗಿ ಹೇಳಬೇಕು. 38ನೆಯ ಪುಟದಲ್ಲಿ ಐಹೊಳೆಯ ಮೇಗುತಿ ದೇಗುಲದ ರವಿಕೀರ್ತಿ ಶಾಸನ ಕ್ರಿ.ಶ. 634ರದು ಎಂದು ಅಚ್ಚಾಗಿತ್ತು. ಮಾಸ್ತರು 634 ಹೊಡೆದು 635 ಎಂದು ಬರೆದಿದ್ದರು. ಪ್ರಾಧ್ಯಾಪಕರು ಅದೇ ಅಂಕಿಯ ಪಕ್ಕ "ಸರಿ ಇದೆ" ಎಂದಿದ್ದರು. ಉಪನ್ಯಾಸಕಿಯವರದು ಶಾಸನದ ಶಕವರ್ಷ ನೋಡಿ ಎಂಬ ಹಳದಿ. ಎರಡು ಕೈ ಒಂದು ಕಡೆ ಎಂದು ಮತ ಎಣಿಸಿದ್ದರೆ ಯಾವುದೋ ಒಂದು ಗೆಲ್ಲುತ್ತಿತ್ತು. ಶಾಸನ ಹೇಳುವುದು ಶಕ 556. ಅದಕ್ಕೆ 78 ಕೂಡಿಸಿದರೆ 634. ಆದರೆ ಶಕವರ್ಷ ಚೈತ್ರದಿಂದ ಶುರುವಾಗಿ ಮುಂದಿನ ಇಂಗ್ಲಿಷ್ ವರ್ಷದ ವಸಂತದವರೆಗೆ ಚಾಚುತ್ತದೆ. ಆದ್ದರಿಂದ ಒಂದೇ ಶಕವರ್ಷವನ್ನು ಕೆಲವರು 634 ಎನ್ನುತ್ತಾರೆ, ಕೆಲವರು 635 ಎನ್ನುತ್ತಾರೆ. ತೀರ್ಮಾನ "ಶಕ 556, ಅಂದರೆ ಕ್ರಿ.ಶ. 634–35". ಮೂವರಲ್ಲಿ ಯಾರೂ ತಪ್ಪಿರಲಿಲ್ಲ. ಮಾಸ್ತರಿಗೆ ಫೋನಿನಲ್ಲಿ ಹೇಳಿದಾಗ "ಹಂಗಾದ್ರ ನಂದೂ ಖರೇನ ಆತು, ಸರ್ ಅವರದೂ ಖರೇನ ಆತು ಬಿಡ್ರಿ" ಎಂದು ಖುಷಿಪಟ್ಟರು.

ಸೂತ್ರಕ್ಕೆ ಸಿಗದೇ ಹೋದವು ಎರಡು, ಅವೇ ದೊಡ್ಡವು.

ಪ್ರಾಧ್ಯಾಪಕರು 3ನೆಯ ಪುಟದಲ್ಲಿ ಒಂದೇ ಒಂದು ಟಿಪ್ಪಣಿ ಹಾಕಿದ್ದರು: "ಬಿಜಾಪುರ ಬೇಡ, ಎಲ್ಲ ಕಡೆ ವಿಜಯಪುರ ಮಾಡಿ." ಉಪನ್ಯಾಸಕಿಯವರು ಮುಂದೆ 14 ಕಡೆ "ಇಲ್ಲಿ ಬಿಜಾಪುರವೇ ಇರಲಿ" ಎಂದಿದ್ದರು. ಪುಟಗಳೇ ಬೇರೆಯಾದ್ದರಿಂದ ಸೂತ್ರದ ಕಣ್ಣಿಗೆ ಇವು ತಾಗುವುದೇ ಇಲ್ಲ. ಇದು ಗೊತ್ತಾದ ಮೇಲೆ "ಎಲ್ಲ ಕಡೆ", "ಪೂರ್ತಿ", "ಮುಂದೆಯೂ" ಎಂಬ ಪದಗಳಿರುವ ಟಿಪ್ಪಣಿಗಳನ್ನು ಹುಡುಕಿ ಬೇರೆ ಹಾಳೆಗೆ ತೆಗೆದೆ, ಅವು ಪುಟದ ಮೇಲಿನ ಗುರುತುಗಳಲ್ಲ, ನಿಯಮಗಳು. ನಿಯಮ ಮೊದಲು ಇತ್ಯರ್ಥವಾಗದೆ ಬಿಡಿ ಗುರುತುಗಳನ್ನು ಮುಟ್ಟುವುದರಲ್ಲಿ ಅರ್ಥವಿಲ್ಲ.

ಇಬ್ಬರ ಮಾತಿಗೂ ತೂಕವಿತ್ತು. ಊರಿನ ಹೆಸರು ಅಧಿಕೃತವಾಗಿ ವಿಜಯಪುರ ಎಂದಾದದ್ದು 2014ರ ನವೆಂಬರ್ 1ರಂದು. ಪ್ರಾಧ್ಯಾಪಕರ ಪ್ರಕಾರ ಅದು ಹೊಸ ಹೆಸರೇನಲ್ಲ, ಚಾಲುಕ್ಯರ ಕಾಲದ್ದು ಮರಳಿ ಬಂದಿದೆ. ಉಪನ್ಯಾಸಕಿಯವರ ವಾದವೆಂದರೆ ಹಳೆಯ ದಾಖಲೆಯ ಮಾತನ್ನು ಉದ್ಧರಿಸುವಾಗ ನಾವು ಹೆಸರು ತಿದ್ದುವಂತಿಲ್ಲ, ಓದುಗ ಆ ದಾಖಲೆ ಹುಡುಕಿದರೆ ಸಿಗುವುದಿಲ್ಲ. ಇಬ್ಬರನ್ನೂ ಒಂದೇ ಫೋನ್ ಕರೆಯಲ್ಲಿ ಕೂಡಿಸಿದೆ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಪುಸ್ತಕದ ಮಾತಿನಲ್ಲಿ ವಿಜಯಪುರ, ಉದ್ಧರಣೆ ಮತ್ತು ಹಳೆಯ ದಾಖಲೆಗಳ ಹೆಸರಿನಲ್ಲಿ ಬಿಜಾಪುರ, ಮೊದಲ ಸಲ ಬಂದಲ್ಲಿ ಎರಡೂ. ಆ ನಿಯಮ ಹಿಡಿದು ನೋಡಿದರೆ 14ರಲ್ಲಿ 9 ಬಿಜಾಪುರವಾಗಿಯೇ ಉಳಿದವು, 5 ಬದಲಾದವು. ಟಿಪ್ಪಣಿಯ ಕೆಳಗೆ ಉತ್ತರ, ಉತ್ತರದ ಕೆಳಗೆ ಮರುಉತ್ತರ ಎಂದು ಪಿಡಿಎಫ್‌ನಲ್ಲೇ ನಡೆಸಿದ್ದರೆ ವಾರ ಕಳೆಯುತ್ತಿತ್ತು, ಮನಸ್ತಾಪವೂ ಆಗುತ್ತಿತ್ತೇನೋ.

ಎರಡನೆಯದು 67ನೆಯ ಪುಟದ ಬಾರಾ ಕಮಾನ್. ಎರಡನೆಯ ಅಲಿ ಆದಿಲ್‌ಶಾಹನ ಸಮಾಧಿ ಅರ್ಧಕ್ಕೆ ನಿಂತದ್ದು ಅದರ ನೆರಳು ಗೋಲಗುಮ್ಮಟದ ಮೇಲೆ ಬೀಳಬಾರದೆಂದು ಎಂಬ ಕಥೆ ಇಲ್ಲಿ ಯಾವ ಟಾಂಗಾದವನನ್ನು ಕೇಳಿದರೂ ಹೇಳುತ್ತಾನೆ. ಉಪನ್ಯಾಸಕಿಯವರು ಆ ಒಂಬತ್ತು ಸಾಲಿನ ಪ್ಯಾರಾವನ್ನು ಇಡಿಯಾಗಿ ಹೊಡೆದುಹಾಕಿ "ಆಧಾರವಿಲ್ಲ" ಎಂದಿದ್ದರು. ಪ್ರಾಧ್ಯಾಪಕರು ಅದೇ ಪ್ಯಾರಾದ ನಡುವೆ ನಾಲ್ಕು ವಾಕ್ಯ ತಿದ್ದಿದ್ದರು. ದೊಡ್ಡ ಅಡ್ಡಗೀಟಿನ ಜಾಗ ಎಂದು ಪಟ್ಟಿಗೆ ಬಂದದ್ದು ಅದರ ಮೇಲಂಚು ಮಾತ್ರ. ನಡುವಿನ ತಿದ್ದುಪಡಿಗಳು ಅಲ್ಲಿಂದ 50–100 ಪಾಯಿಂಟ್ ಕೆಳಗೆ, ಹಾಗಾಗಿ ಸೂತ್ರ ಸುಮ್ಮನಿತ್ತು. ಇದನ್ನು ಹಿಡಿದದ್ದು ತಂಗಿ. "ಸರ್ರೀ, ಈ ಪ್ಯಾರಾ ತಗೀಬೇಕೋ ತಿದ್ದಬೇಕೋ? ತಗೆಯೋದಾದ್ರ ತಿದ್ದೋದ್ಯಾಕ?" ಎಂದು ಕೇಳಿದಳು. ಆಮೇಲೆ ಪಟ್ಟಿಗೆ ಕೆಳಂಚನ್ನೂ, ಅಂದರೆ `a.rect.y1` ಸೇರಿಸಿ, ಎರಡು ಸಾಲಿಗಿಂತ ಎತ್ತರವಾದ ಗುರುತುಗಳನ್ನೆಲ್ಲ ಮೊದಲು ಕೈಯಿಂದಲೇ ನೋಡಿದೆ. ಇನ್ನೊಂದು ಸಿಗಲಿಲ್ಲ. ಪ್ಯಾರಾದ ವಿಷಯದಲ್ಲಿ ಪ್ರಕಾಶಕರ ಮಾತು ನಡೆಯಿತು: ನೋಡಲು ಬಂದವರು ಕೇಳುವುದೇ ಈ ಕಥೆಯನ್ನು. ಉಳಿಸಿಕೊಂಡೆವು, "ಜನ ಹೇಳುವ ಕಥೆಯೊಂದಿದೆ" ಎಂದು ಶುರುಮಾಡಿ, ಪ್ರಾಧ್ಯಾಪಕರ ನಾಲ್ಕೂ ತಿದ್ದುಪಡಿ ಹಾಕಿ.

ಯಾವ ವಿಷಯದಲ್ಲಿ ಯಾರ ಮಾತು ಕೊನೆಯದು ಎಂದು ನಾನು ಬರೆದಿಟ್ಟುಕೊಂಡದ್ದು ಈ ಹಂತದಲ್ಲಿ: ಭಾಷೆ ಪ್ರಾಧ್ಯಾಪಕರಿಗೆ, ಇಸವಿ ಮತ್ತು ಹೆಸರು ಉಪನ್ಯಾಸಕಿಯವರಿಗೆ, ಚಿತ್ರದಡಿಯ ಬರಹ ಫೋಟೋದವರಿಗೆ, ಇಡುವುದು ತೆಗೆಯುವುದು ಪ್ರಕಾಶಕರಿಗೆ. ಕರಡು ಕಳಿಸುವಾಗಲೇ ಇದನ್ನು ಹೇಳಿದ್ದರೆ ಫೋನ್ ಕರೆಗಳು ಅರ್ಧಕ್ಕಿಳಿಯುತ್ತಿದ್ದವು.

ತೀರ್ಮಾನಗಳನ್ನು ಪಿಡಿಎಫ್‌ನಲ್ಲೇ ದಾಖಲಿಸಿದೆ. ಪ್ರತಿ ಟಿಪ್ಪಣಿಗೆ `Accepted` ಅಥವಾ `Rejected` ಎಂಬ ಸ್ಥಿತಿ, ಜೊತೆಗೆ "ತೀರ್ಮಾನ:" ಎಂದು ಶುರುವಾಗುವ ಒಂದು ಸಾಲಿನ ಉತ್ತರ. ಎರಡೂ ಏಕೆಂದರೆ ಪ್ರಕಾಶಕರ ಮೊಬೈಲ್ ಆಪಿನಲ್ಲಿ ಸ್ಥಿತಿ ಕಾಣುತ್ತಿರಲಿಲ್ಲ, ಉತ್ತರ ಕಾಣುತ್ತಿತ್ತು. ಒಳಗೊಳಗೆ ಪಿಡಿಎಫ್ ಸ್ಥಿತಿಯನ್ನೂ ಉತ್ತರವನ್ನೂ ಮೂಲ ಟಿಪ್ಪಣಿಗೆ ಕೊಂಡಿ ಹಾಕಿದ ಬೇರೆ ಟಿಪ್ಪಣಿಗಳಾಗಿ ಇಡುತ್ತದೆ. ಹೀಗಾಗಿ ಇದಾದ ಮೇಲೆ ಆ ಆರು ಸಾಲಿನ ಪೈಥಾನ್ ಮತ್ತೆ ಓಡಿಸಿದರೆ ಎಣಿಕೆ ಉಬ್ಬಿ ಬರುತ್ತದೆ, ಗಾಬರಿಯಾಗಬೇಕಿಲ್ಲ. ಪಟ್ಟಿ ತೆಗೆಯುವ ಕೆಲಸ ತೀರ್ಮಾನಕ್ಕೆ ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು.

ಆ ತಾಗಾಟಗಳಲ್ಲದೆ, ಇಬ್ಬರು ಒಂದೇ ತಿದ್ದುಪಡಿ ಹೇಳಿದ ಕಡೆಗಳೂ 27 ಇದ್ದವು, ಅಲ್ಲಿ ಎರಡನೆಯದಕ್ಕೆ `Cancelled` ಹಾಕಿ "ಮೇಲಿನದೇ" ಎಂದು ಬರೆದೆ. ಜಗಳವಿಲ್ಲದ ಕಾರಣ ಇವನ್ನು ಅಲಕ್ಷಿಸುವುದು ಸುಲಭ. ಆದರೆ ಒಂದು ಪದ ಸೇರಿಸಿ ಎಂದು ಇಬ್ಬರು ಹೇಳಿದ್ದರೆ, ಪಟ್ಟಿ ಹಿಡಿದು ಕುಳಿತವರು ಎರಡು ಸಲ ಸೇರಿಸುತ್ತಾರೆ. ಹಿಂದಿನ ಒಂದು ಪುಸ್ತಕದಲ್ಲಿ "ಶ್ರೀ ಶ್ರೀ" ಎಂದು ಅಚ್ಚಾಗಿ, ಸ್ವಾಮೀಜಿಯಲ್ಲದ ಒಬ್ಬ ಗೃಹಸ್ಥರಿಗೆ ಅನಾಯಾಸವಾಗಿ ಪೀಠ ಸಿಕ್ಕಿತ್ತು.

ಲೆಕ್ಕ ಕೊನೆಗೆ ಹೀಗೆ ನಿಂತಿತು: ಒಪ್ಪಿದ್ದು 214, ಬಿಟ್ಟದ್ದು 47, ಮರುಕಳಿಸಿದ್ದು 27. ತಂಗಿಗೆ ಪಟ್ಟಿಯನ್ನು `Accepted` ಎಂದು ಸೋಸಿ ಇಟ್ಟುಕೊಳ್ಳಲು ಹೇಳಿದೆ. ಸ್ಥಿತಿ ಹಾಕಿದ ಮಾತ್ರಕ್ಕೆ ಪುಟದ ಅಕ್ಷರ ಬದಲಾಗುವುದಿಲ್ಲ, ಅವಳು ಮೂಲ ಕಡತದಲ್ಲಿ ಒಂದೊಂದೇ ತಿದ್ದಬೇಕು. ಅವಳು ಮೊದಲು ಕಳಿಸಿದ ಪ್ರಶ್ನೆಗಳು ನನ್ನ ಪರದೆಯಲ್ಲಿ `À` `Á`ಗಳ ಸಾಲಾಗಿ ಬಂದವು. ಕೀಲಿಮಣೆ ನುಡಿಯ ಹಳೆಯ ಬಗೆಯಲ್ಲೇ ಇತ್ತು. ಪುಟದ ಪಠ್ಯ ಯಾವ ಫಾಂಟಿನಲ್ಲೇ ಇರಲಿ, ಟಿಪ್ಪಣಿಯನ್ನು ಯೂನಿಕೋಡ್‌ನಲ್ಲೇ ಬರೆಯಬೇಕು, ಟಿಪ್ಪಣಿಯ ಪೆಟ್ಟಿಗೆಗೆ ನುಡಿ ಫಾಂಟಿನ ಪರಿಚಯವಿಲ್ಲ.

ಮೂರನೆಯ ಪ್ರತಿ ಬಂದಾಗ ಎರಡನೆಯದನ್ನು ಪಕ್ಕದಲ್ಲಿಟ್ಟು 214ನ್ನೂ ತಾಳೆ ನೋಡಿದೆ. ಗುರುತುಗಳನ್ನು ಹೊಸ ಪ್ರತಿಯ ಮೇಲೆ ಸೇರಿಸಲಿಲ್ಲ, ಸಾಲುಗಳು ಮತ್ತೆ ಜಾರಿದ್ದವಲ್ಲ. ಆದದ್ದಕ್ಕೆ ಹಳೆಯ ಪ್ರತಿಯಲ್ಲೇ `Completed` ಹಾಕುತ್ತ ಹೋದೆ. ಐದು ಉಳಿದವು. ಐದೂ ಮಾಸ್ತರ ಕಾಗದದಿಂದ ನಾನೇ ಟೈಪ್ ಮಾಡಿದವು: ಪದದ ಮೇಲೆ ಗೀಟು ಹಾಕದೆ ಅಂಚಿನಲ್ಲಿ ಬರೀ ಚೀಟಿ ಅಂಟಿಸಿ "ದೀರ್ಘ ಬೇಕು" ಎಂದು ಬರೆದಿದ್ದೆ. ಆ ಸಾಲಿನ ಯಾವ ಅಕ್ಷರಕ್ಕೆ ದೀರ್ಘ ಎಂದು ತಂಗಿಗೆ ತಿಳಿದಿರಲಿಲ್ಲ, ಕೇಳಲು ಸಂಕೋಚಪಟ್ಟು ಬಿಟ್ಟಿದ್ದಳು. ಕಾಗದದ ಕಟ್ಟನ್ನು ಮತ್ತೆ ಬಿಚ್ಚಿ, ಐದು ಪುಟದ ಫೋಟೋ ತೆಗೆದು ಅವಳಿಗೆ ಕಳಿಸಿದೆ.